ಭಾನುವಾರದ ಬೆಲೆ: ಬದಲಿ ರಜೆಯೋ, ಡಬಲ್ ಸಂಬಳವೋ?

ಶನಿವಾರ ಸಂಜೆ ಶಿಫ್ಟ್ ಮುಗಿಯುವ ಹೊತ್ತಿಗೆ ಸೂಪರ್‌ವೈಸರ್ ಬಂದು, "ನಾಳೆ ಡಿಸ್‌ಪ್ಯಾಚ್ ಇದೆ, ಬಂದ್ಬಿಡು. ಬುಧವಾರ ಸಿ-ಆಫ್ ತಗೋ" ಅನ್ನುವುದು ಪೀಣ್ಯದಲ್ಲಾಗಲಿ ಬಿಡದಿಯಲ್ಲಾಗಲಿ ಕಾರ್ಖಾನೆಗೆ ಹೋಗುವವರಿಗೆ ಹೊಸ ಮಾತಲ್ಲ. ಪಕ್ಕದ ಕಾರ್ಖಾನೆಯಲ್ಲಿ ಇದೇ ಭಾನುವಾರಕ್ಕೆ ಡಬಲ್ ಓಟಿ ಕೊಡುತ್ತಾರೆ ಎಂಬ ಸುದ್ದಿಯೂ ಕ್ಯಾಂಟೀನಿನಲ್ಲಿ ಹರಿದಾಡುತ್ತಿರುತ್ತದೆ. ಎರಡರಲ್ಲಿ ಲಾಭ ಯಾವುದು? ಒಂದು ಪೆನ್ನು, ಸಂಬಳದ ಸ್ಲಿಪ್ಪಿನ ಹಿಂಬದಿ ಇದ್ದರೆ ಲೆಕ್ಕ ಹಾಕಬಹುದು. ಲೆಕ್ಕ ಮುಗಿದಾಗ ಬರುವ ಉತ್ತರ ಮಾತ್ರ ಎಲ್ಲರಿಗೂ ಒಂದೇ ಆಗಿರುವುದಿಲ್ಲ.

ಉದಾಹರಣೆಗೆ ಒಬ್ಬ ಅನುಭವಿ ಸಿಎನ್‌ಸಿ ಆಪರೇಟರ್‌ನ ತಿಂಗಳ ಸಂಬಳ 41,600 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆ ಕೆಲಸ, ಭಾನುವಾರ ವಾರದ ರಜೆ. ತಿಂಗಳಿಗೆ 26 ಕೆಲಸದ ದಿನ ಎಂದು ಹಿಡಿದರೆ ದಿನಕ್ಕೆ 1,600, ಗಂಟೆಗೆ 200 ರೂಪಾಯಿ ಬೀಳುತ್ತದೆ.

ಆತ ಭಾನುವಾರ ದುಡಿದು ಬುಧವಾರ ಬದಲಿ ರಜೆ ತೆಗೆದುಕೊಂಡ ಅನ್ನಿ. ತಿಂಗಳ ಕೊನೆಗೆ ಕೈಗೆ ಬರುವುದು ಅದೇ 41,600. ದುಡಿದ ದಿನಗಳೂ ಅವೇ 26. ಕೊಟ್ಟದ್ದು ಒಂದು ದಿನ, ಪಡೆದದ್ದು ಒಂದು ದಿನ. ಮಕ್ಕಳಿಗೆ ರಜೆ ಇರುವ, ನೆಂಟರು ಮನೆಗೆ ಬರುವ, ಊರಲ್ಲಿ ಮದುವೆ ನಡೆಯುವ ಭಾನುವಾರವನ್ನು ಬಿಟ್ಟುಕೊಟ್ಟು ಬುಧವಾರವನ್ನು ಪಡೆದ ಎಂಬ ನಷ್ಟ ಯಾವ ಮಸ್ಟರಿನಲ್ಲೂ ದಾಖಲಾಗುವುದಿಲ್ಲ. ರಜೆ ಪಡೆಯದೆ ಡಬಲ್ ಓಟಿ ಪಡೆದರೆ ಗಂಟೆಗೆ 400ರಂತೆ 8 ಗಂಟೆಗೆ 3,200 ರೂಪಾಯಿ, ಅದೂ ಸಂಬಳದ ಮೇಲೆ. ಬದಲಿ ರಜೆಗೆ ಹಣದಲ್ಲಿ ಬೆಲೆ ಕಟ್ಟಲೇಬೇಕೆಂದರೆ ಅದು 1,600. ಬುಧವಾರ ಹೇಗೂ ಊರಿಗೆ ಹೋಗಬೇಕಿತ್ತು, ಖಾತೆಯಲ್ಲಿ ಬೇರೆ ರಜೆ ಇರಲಿಲ್ಲ ಎಂದಾದರೆ, ಸಂಬಳದಲ್ಲಿ ಕಡಿತವಾಗದೆ ಉಳಿಯುತ್ತಿದ್ದ ಮೊತ್ತ ಅಷ್ಟೇ. ಮೇಲ್ನೋಟಕ್ಕೆ ಡಬಲ್ ಸಂಬಳದ ಬೆಲೆ ಬದಲಿ ರಜೆಯ ಎರಡರಷ್ಟು.

ಆದರೆ ಬಹಳಷ್ಟು ಕಡೆ ಈ ಕಾರ್ಮಿಕನ ಕೈಗೆ 3,200ರ ಬದಲು 1,600 ಮಾತ್ರ ಬರುತ್ತದೆ. ಕೇಳಿದರೆ, "ಒಂದು ದಿನದ್ದು ಸಂಬಳದಲ್ಲೇ ಸೇರಿದೆಯಲ್ಲ, ಇನ್ನೊಂದು ಕೊಟ್ಟಿದ್ದೇವೆ, ಅಲ್ಲಿಗೆ ಡಬಲ್ ಆಯ್ತು" ಎಂಬ ಸಮಜಾಯಿಷಿ. ಇದು ಪೂರ್ತಿ ಹುಸಿಯಲ್ಲ. ಬೇರೊಂದು ದಿನಕ್ಕೆ ಅನ್ವಯಿಸುವ ಲೆಕ್ಕವನ್ನು ಇಲ್ಲಿ ತಂದು ಕೂರಿಸಿದ್ದಾರೆ, ಅಷ್ಟೇ. ಕರ್ನಾಟಕದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ 1963ರ ಪ್ರತ್ಯೇಕ ಕಾಯ್ದೆಯಿದೆ. ಆಗಸ್ಟ್ 15ರಂದೋ ನವೆಂಬರ್ 1ರಂದೋ ಕೆಲಸಕ್ಕೆ ಕರೆದರೆ ಆ ದಿನಕ್ಕೆ ಎರಡರಷ್ಟು ಸಂಬಳ ಕೊಡಬೇಕು, ಇಲ್ಲವೇ ಒಂದು ದಿನದ ಸಂಬಳದ ಜೊತೆಗೆ ಸಂಬಳಸಹಿತ ಬದಲಿ ರಜೆ ಕೊಡಬೇಕು. ಹಬ್ಬದ ರಜೆ ಸಂಬಳಸಹಿತ ರಜೆ. ಆದ್ದರಿಂದ ತಿಂಗಳ ಸಂಬಳದವನಿಗೆ ಎರಡು ಪಾಲಿನಲ್ಲಿ ಒಂದು ಪಾಲು ಮೊದಲೇ ಬಂದಿರುತ್ತದೆ ಎಂಬ ವಾದ ಅಲ್ಲಿ ನಿಲ್ಲುತ್ತದೆ.

ವಾರದ ರಜೆಯ ಡಬಲ್ ಹುಟ್ಟುವುದು ಬೇರೆ ಕಡೆಯಿಂದ. 1948ರ ಕಾರ್ಖಾನೆಗಳ ಕಾಯ್ದೆ "ಭಾನುವಾರ ದುಡಿದರೆ ಡಬಲ್ ಕೊಡಿ" ಎಂದು ಎಲ್ಲೂ ಹೇಳಿರಲಿಲ್ಲ. ಅದರ 59ನೇ ಸೆಕ್ಷನ್ ಹೇಳಿದ್ದು ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಸಾಮಾನ್ಯ ದರದ ಎರಡರಷ್ಟು ಕೊಡಬೇಕು ಎಂದು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 8 ಗಂಟೆ ದುಡಿದವನ 48 ಅಲ್ಲಿಗೇ ತುಂಬುತ್ತದೆ. ಭಾನುವಾರದ 8 ಗಂಟೆ ಪೂರ್ತಿ ಹೆಚ್ಚುವರಿ. ತಿಂಗಳ ಸಂಬಳ ಆ 48 ಗಂಟೆಗಳ ಬೆಲೆಯೇ ಹೊರತು ಈ 8 ಗಂಟೆಗಳದ್ದಲ್ಲ. ಹಾಗಾಗಿ ಎರಡೂ ಪಾಲು ಹೊರಗಿನಿಂದಲೇ ಬರಬೇಕು. ಒಂದು ಪಾಲು ಕೊಟ್ಟು ಕೈತೊಳೆದುಕೊಂಡರೆ ಅದು ಸಿಂಗಲ್ ಓಟಿ.

ಕಾಯ್ದೆಯ ಕಣ್ಣಿನಲ್ಲಿ ಬದಲಿ ರಜೆ ಮತ್ತು ಡಬಲ್ ಸಂಬಳ ಒಂದಕ್ಕೊಂದು ಪರ್ಯಾಯವೇ ಅಲ್ಲ ಎಂಬುದು ಇಲ್ಲಿಂದಲೇ ಹೊರಡುತ್ತದೆ. ರಜೆಯ ನಿಯಮ ಕೇಳುವುದು ಕಾರ್ಮಿಕನಿಗೆ ವಿಶ್ರಾಂತಿಯ ದಿನ ಸಿಕ್ಕಿತೇ ಎಂದು. ಓಟಿಯ ನಿಯಮ ಕೇಳುವುದು ಆ ವಾರ ಎಷ್ಟು ಗಂಟೆ ದುಡಿದ ಎಂದು. ಒಂದಕ್ಕೆ ಉತ್ತರ ಕೊಟ್ಟ ಮಾತ್ರಕ್ಕೆ ಇನ್ನೊಂದು ಪ್ರಶ್ನೆ ಮುಗಿಯುವುದಿಲ್ಲ.

ನಮ್ಮ ಆಪರೇಟರ್‌ನ ಬುಧವಾರವನ್ನೇ ತೆಗೆದುಕೊಳ್ಳಿ. ಹಳೆಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಭಾನುವಾರ ಕೆಲಸ ಮಾಡಿಸಬೇಕಾದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಪೂರ್ತಿ ಒಂದು ದಿನ ರಜೆ ಕೊಡಬೇಕಿತ್ತು. ಮೊದಲೇ ನೋಟಿಸ್ ಬೋರ್ಡಿಗೆ ಹಾಕಿ ಇನ್‌ಸ್ಪೆಕ್ಟರ್‌ಗೆ ತಿಳಿಸಬೇಕಿತ್ತು. ಹೀಗೆ ಅದಲುಬದಲು ಮಾಡುವಾಗ ಯಾರೂ ಸತತ ಹತ್ತು ದಿನಕ್ಕಿಂತ ಹೆಚ್ಚು ರಜೆಯಿಲ್ಲದೆ ದುಡಿಯುವಂತಿರಲಿಲ್ಲ. ಕಾಯ್ದೆಯ ವಾರ ಶುರುವಾಗುವುದು ಶನಿವಾರ ಮಧ್ಯರಾತ್ರಿಯಿಂದ. ಭಾನುವಾರ ದುಡಿದು ಮುಂದಿನ ಬುಧವಾರ ಮನೆಯಲ್ಲಿದ್ದರೆ ಆ ವಾರದ ಗಂಟೆ 48 ದಾಟುವುದಿಲ್ಲ, ಓಟಿಯೂ ಹುಟ್ಟುವುದಿಲ್ಲ. ಅದೇ ರಜೆಯನ್ನು ಮುಂಚಿತವಾಗಿ, ಹಿಂದಿನ ಶುಕ್ರವಾರವೇ ಕೊಟ್ಟಿದ್ದರೆ? ಆಗ ಗಂಟೆಗಳ ಲೆಕ್ಕಕ್ಕೆ ಆ ಭಾನುವಾರವನ್ನು 52ನೇ ಸೆಕ್ಷನ್ ಹಿಂದಿನ ವಾರಕ್ಕೇ ಸೇರಿಸುತ್ತಿತ್ತು, ಹಾಗಾಗಿ ಎರಡೂ ವಾರದಲ್ಲಿ 48. ರಜೆ ಸರಿಯಾಗಿಯೇ ಸಿಕ್ಕಿದೆ, ಡಬಲ್ ಕೇಳಲು ದಾರಿಯಿರಲಿಲ್ಲ. 

ಹಣ ಕೈತಪ್ಪುವುದು ರಜೆ ಮುಂದಕ್ಕೆ ಹೋದಾಗ. "ಈ ವಾರ ಬೇಡ, ಮುಂದಿನ ತಿಂಗಳು ತಗೋ" ಎನ್ನುತ್ತಾರೆ. ವಾರದ ರಜೆಯಿಂದ ವಿನಾಯಿತಿ ಪಡೆದ ಕಾರ್ಖಾನೆಗಳಲ್ಲಿ ತಪ್ಪಿದ ರಜೆಯನ್ನು ಅದೇ ತಿಂಗಳಲ್ಲಿ ಅಥವಾ ಅದರ ಮುಂದಿನ ಎರಡು ತಿಂಗಳೊಳಗೆ ಕೊಡಲು ಅವಕಾಶವಿದೆ. ಆದರೆ ದುಡಿದ ಆ ವಾರದ ಲೆಕ್ಕ 56 ಗಂಟೆಯಾಗಿಯೇ ಉಳಿಯುತ್ತದೆ. ಮುಂದೆಂದೋ ಸಿಗುವ ರಜೆ ಆ ವಾರಕ್ಕೆ ವಾಪಸು ಹೋಗಿ ಗಂಟೆಗಳನ್ನು ಕಡಿಮೆ ಮಾಡಲಾರದು. ಆಗ 3,200 ರೂಪಾಯಿ ಓಟಿಯೂ ಬರಬೇಕು, ಬದಲಿ ರಜೆಯೂ ಸಿಗಬೇಕು. ಹಣಕ್ಕೆ ಪರಿವರ್ತಿಸಿದರೆ ಒಟ್ಟು 4,800. ಕಾರ್ಖಾನೆಗಳಲ್ಲಿ ನಡೆಯುವುದು ಮಾತ್ರ "ಎರಡರಲ್ಲಿ ಒಂದು" ಎಂಬ ರೂಢಿ, ಮತ್ತು ಆ ಒಂದನ್ನು ಆರಿಸುವವರು ಸಾಮಾನ್ಯವಾಗಿ ಮ್ಯಾನೇಜರ್.

ಇಷ್ಟು ಹೊತ್ತು 1,600ರ ದಿನಗೂಲಿಯನ್ನು ಹಿಡಿದು ಮಾತಾಡಿದ್ದಾಯಿತು. ಆ 1,600 ಎಲ್ಲಿಂದ ಬಂತು ಎಂದು ಕೆದಕಿದರೆ ಲೆಕ್ಕವೆಲ್ಲ ಅಲುಗಾಡುತ್ತದೆ. ಮೊದಲನೆಯದು ಭಾಗಿಸುವ ಅಂಕಿ. 26ರ ಬದಲು 30ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 1,387. ಡಬಲ್ ಓಟಿ 2,773ಕ್ಕೆ ಇಳಿಯುತ್ತದೆ. ಒಂದೇ ಭಾನುವಾರಕ್ಕೆ 427 ರೂಪಾಯಿ ಕಡಿಮೆ. ಭಾನುವಾರಗಳನ್ನು ಕೆಲಸದ ದಿನಗಳ ಸಾಲಿಗೆ ಸೇರಿಸಿ ಭಾಗಿಸುವುದರಿಂದ ಆಗುವ ನಷ್ಟ ಇದು.

ಎರಡನೆಯದು ಇನ್ನೂ ತೂಕದ್ದು. ಯಾವುದರ ಎರಡರಷ್ಟು? ಹಳೆಯ ಕಾಯ್ದೆಯಲ್ಲಿ ಸಾಮಾನ್ಯ ದರವೆಂದರೆ ಮೂಲ ವೇತನದ ಜೊತೆಗೆ ಭತ್ಯೆಗಳೂ ಸೇರಿದ್ದು, ಬೋನಸ್ ಮತ್ತು ಓಟಿ ಮಾತ್ರ ಹೊರಗೆ. ಮನೆ ಬಾಡಿಗೆ ಭತ್ಯೆ ಅದರಲ್ಲಿ ಸೇರಬೇಕೇ ಎಂಬ ಜಗಳ ಕೋರ್ಟುಗಳ ತನಕ ಹೋಗಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ಹಿಡಿದಿವೆ. ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದು, ತಪ್ಪಿದ ರಜೆಯನ್ನು ಎರಡು ತಿಂಗಳೊಳಗೆ ಕೊಡಬೇಕು, ಓಟಿಗೆ ಎರಡರಷ್ಟು ಕೊಡಬೇಕು ಎಂಬ ಮುಖ್ಯ ನಿಯಮಗಳು ಉಳಿದಿವೆ. ಓಟಿಗೆ ಕಾರ್ಮಿಕನ ಒಪ್ಪಿಗೆ ಬೇಕು ಎಂಬುದೂ ಸೇರಿದೆ. ಬದಲಾಗಿರುವುದು "ವೇತನ" ಎಂಬುದರ ಅಳತೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಅದರ ಒಳಗೆ, ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆಯಂಥವು ಹೊರಗೆ. ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ವೇತನಕ್ಕೆ ವಾಪಸು ಸೇರುತ್ತದೆ.

ನಮ್ಮ ಆಪರೇಟರ್‌ನ 41,600ರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000, ಉಳಿದ 23,600 ಬಗೆಬಗೆಯ ಭತ್ಯೆ ಎಂದುಕೊಳ್ಳಿ. ಒಟ್ಟು ಸಂಬಳದ ಅರ್ಧ 20,800. ಭತ್ಯೆಗಳು ಆ ಗೆರೆಯನ್ನು 2,800ರಷ್ಟು ದಾಟಿವೆ. ಅದನ್ನು 18,000ಕ್ಕೆ ಸೇರಿಸಿದರೆ ವೇತನ 20,800 ಆಗುತ್ತದೆ. ಗಂಟೆಗೆ 100, ಡಬಲ್ ಎಂದರೆ 200, 8 ಗಂಟೆಗೆ 1,600. ಬದಲಿ ರಜೆಯ ದಿನ ಅವನಿಗೆ ಬರುವ ಪೂರ್ತಿ ಸಂಬಳವೂ 1,600 ತಾನೆ? ಹೆಸರಿಗೆ ಡಬಲ್, ಕೈಗೆ ಬರುವುದು ಒಂದು ದಿನದ ಸಂಬಳ. ಇನ್ನು ಬರೀ 18,000ದ ಮೇಲೆಯೇ ಓಟಿ ಲೆಕ್ಕ ಹಾಕುವ ಕಡೆ 1,385 ರೂಪಾಯಿ ಸಿಗುತ್ತದೆ. ಅಲ್ಲಿ ಬದಲಿ ರಜೆಯೇ ವಾಸಿ.

ಹಾಗಾಗಿ ಲಾಭ ಯಾವುದರಲ್ಲಿ ಎಂಬುದನ್ನು ತೀರ್ಮಾನಿಸುವುದು ಸಂಬಳದ ಸ್ಲಿಪ್ಪಿನ ಮೊದಲೆರಡು ಸಾಲು. ಮೂಲ ವೇತನ, ತುಟ್ಟಿಭತ್ಯೆ ದಪ್ಪಗಿದ್ದವನಿಗೆ ಹಣ ಲಾಭ. ಸಂಬಳವೆಲ್ಲ ಭತ್ಯೆಗಳಲ್ಲೇ ಇರುವವನಿಗೆ ರಜೆ ಲಾಭ, ಯಾಕೆಂದರೆ ರಜೆಯ ದಿನ ಭತ್ಯೆಗಳೂ ಕಡಿತವಾಗದೆ ಬರುತ್ತವೆ. ದಿನಗೂಲಿಯವನ ಪಾಡು ಬೇರೆ. ಭಾನುವಾರದ ಬದಲು ಬುಧವಾರ ಕೂತರೆ ಬುಧವಾರದ ಕೂಲಿಯೇ ಇಲ್ಲ. ಅವನ ಪಾಲಿಗೆ ಬದಲಿ ರಜೆಯೆಂದರೆ ಕೆಲಸದ ದಿನ ಆಚೀಚೆಯಾದದ್ದು ಮಾತ್ರ.

ಬದಲಿ ರಜೆಯ ಬೆಲೆ ಸೊನ್ನೆಗೆ ಇಳಿಯುವುದೂ ಉಂಟು. ಎಷ್ಟೋ ಕಂಪನಿಗಳು ಬಳಸದ ಸಿ-ಆಫ್ ಇಂತಿಷ್ಟು ದಿನಕ್ಕೆ ರದ್ದಾಗುತ್ತದೆ ಎಂದು ತಮ್ಮದೇ ನಿಯಮ ಮಾಡಿಕೊಂಡಿರುತ್ತವೆ. ರಜೆ ಕೇಳಿದಾಗಲೆಲ್ಲ "ಈಗ ಆಗಲ್ಲ" ಎಂದು ಹೇಳಿದವರೇ ಅವಧಿ ಮುಗಿದ ಮೇಲೆ "ನೀವೇ ತಗೊಳ್ಳಲಿಲ್ಲ" ಎನ್ನುತ್ತಾರೆ. ರಜೆ ಕೇಳಿದ್ದಕ್ಕೂ ನಿರಾಕರಿಸಿದ್ದಕ್ಕೂ ಇಮೇಲೋ ವಾಟ್ಸ್‌ಆ್ಯಪ್ ಸಂದೇಶವೋ ಇದ್ದರೆ ಆಮೇಲೆ ಮಾತಾಡಲು ಕೈಯಲ್ಲಿ ಏನಾದರೂ ಇರುತ್ತದೆ. ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 18,000ಕ್ಕಿಂತ ಹೆಚ್ಚು ವೇತನ ಪಡೆಯುವವರು, ಮ್ಯಾನೇಜರ್‌ಗಳು ಹೊಸ ಸಂಹಿತೆಯ "ಕಾರ್ಮಿಕ" ಎಂಬ ವ್ಯಾಖ್ಯೆಯ ಹೊರಗಿದ್ದಾರೆ. ಕಾಯ್ದೆಯ ಡಬಲ್ ಅವರಿಗಿಲ್ಲ. ಶನಿವಾರ ರಾತ್ರಿ ಆಪರೇಟರ್‌ಗೆ "ನಾಳೆ ಬಾ" ಎಂದ ಸೂಪರ್‌ವೈಸರ್ ಕೂಡ ಭಾನುವಾರ ಬಂದಿರುತ್ತಾನೆ. ಅವನಿಗೆ ಏನು ಸಿಗಬೇಕು ಎಂಬುದು ಕಂಪನಿಯ ನೇಮಕಾತಿ ಪತ್ರದಲ್ಲಿ, ಎಚ್‌ಆರ್ ನಿಯಮದಲ್ಲಿ ಬರೆದಷ್ಟೇ.