ಆರರಿಂದಲೋ, ಐದರಿಂದಲೋ?

ಪಿಯುಸಿ ತರಗತಿಯಲ್ಲಿ ಮಾನಕ ವಿಚಲನೆಯ ಅಭ್ಯಾಸ ಹಾಳೆ ಹಂಚಿದ ದಿನ ಒಂದು ತಕರಾರು ಏಳುವುದು ಖಂಡಿತ. ಎಲ್ಲರೂ ಅದೇ ಕೋಷ್ಟಕ ಬರೆದಿರುತ್ತಾರೆ, ಕೂಡಿಸಿದ ಮೊತ್ತವೂ ಒಂದೇ. ಆದರೆ ಕೆಲವರಿಗೆ 4.62 ಬಂದಿರುತ್ತದೆ, ಕೆಲವರಿಗೆ 5.06. ಇಬ್ಬರ ಕ್ಯಾಲ್ಕ್ಯುಲೇಟರೂ ಸರಿಯಾಗಿಯೇ ಇದೆ. ಒಬ್ಬರು ಆರರಿಂದ ಭಾಗಿಸಿದ್ದಾರೆ, ಇನ್ನೊಬ್ಬರು ಐದರಿಂದ.

ಲೆಕ್ಕವನ್ನು ಮುಂದಿಟ್ಟುಕೊಂಡೇ ಮಾತಾಡೋಣ. ಆಲೆಮನೆಯೊಂದರಲ್ಲಿ ಅರ್ಧ ಕೆ.ಜಿ. ಅಚ್ಚುಬೆಲ್ಲ ಎರೆಯುತ್ತಾರೆ ಎಂದಿಟ್ಟುಕೊಳ್ಳಿ. ಆರು ಅಚ್ಚುಗಳನ್ನು ತೂಗಿದಾಗ ಬಂದದ್ದು 492, 498, 501, 503, 499 ಮತ್ತು 507 ಗ್ರಾಂ. ಮೊತ್ತ 3000, ಸರಾಸರಿ 500.

| ತೂಕ | ವಿಚಲನೆ | ವಿಚಲನೆಯ ವರ್ಗ |
|---|---|---|
| 492 | −8 | 64 |
| 498 | −2 | 4 |
| 501 | 1 | 1 |
| 503 | 3 | 9 |
| 499 | −1 | 1 |
| 507 | 7 | 49 |
| 3000 | 0 | 128 |

128ನ್ನು 6ರಿಂದ ಭಾಗಿಸಿದರೆ 21.33, ಅದರ ವರ್ಗಮೂಲ 4.62. 5ರಿಂದ ಭಾಗಿಸಿದರೆ 25.6, ವರ್ಗಮೂಲ 5.06. ಯಾವುದು ಬೇಕು ಎಂಬುದಕ್ಕೆ ಮೊದಲು 128 ನಂಬುವಂಥದ್ದೇ ಎಂದು ನೋಡಬೇಕು. ಮೂರನೆಯ ಕಂಬಸಾಲು ತಪ್ಪಾಗಿದ್ದರೆ ಯಾವ ಸೂತ್ರ ಹಿಡಿದರೂ ಪ್ರಯೋಜನವಿಲ್ಲ.

ಎರಡನೆಯ ಕಂಬಸಾಲಿನ ಮೊತ್ತ ಸೊನ್ನೆ ಬರಬೇಕು ಎಂಬುದು ಎಲ್ಲ ಮಕ್ಕಳಿಗೂ ಗೊತ್ತು. ಅದು ಒಳ್ಳೆಯ ಪರೀಕ್ಷೆಯೇ, ಆದರೆ ಅದರ ಕಣ್ಣಿಗೆ ಬೀಳುವುದು ಅರ್ಧ ಮಾತ್ರ. −8ರ ಬದಲು 8 ಬರೆದರೆ ಮೊತ್ತ 16 ಬರುತ್ತದೆ. ತಪ್ಪಿದ ಸಂಖ್ಯೆಯ ಸರಿಯಾಗಿ ಇಮ್ಮಡಿ. ಹಾಗಾಗಿ ಕಳ್ಳ ಯಾರೆಂದು ಕೂಡಲೇ ತಿಳಿಯುತ್ತದೆ. ತಮಾಷೆಯೆಂದರೆ ಈ ತಪ್ಪಿನಿಂದ ಉತ್ತರ ಕೆಡುವುದೇ ಇಲ್ಲ, ವರ್ಗ ಹೇಗೂ 64. ಉತ್ತರ ಕೆಡಿಸುವ ತಪ್ಪುಗಳು ಮೂರನೆಯ ಕಂಬಸಾಲಿನಲ್ಲಿರುತ್ತವೆ. ಸೊನ್ನೆಯ ಪರೀಕ್ಷೆ ಅಲ್ಲಿಗೆ ಹಣಕಿಯೂ ನೋಡುವುದಿಲ್ಲ. 3ರ ವರ್ಗ 6 ಎಂದು ಇಮ್ಮಡಿ ಮಾಡಿಬಿಡುವುದು ಅವಸರದಲ್ಲಿ ಸಾಮಾನ್ಯ. ಆವರಣ ಹಾಕದೆ −8² ಎಂದು ಒತ್ತಿದರೆ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ −64 ತೋರಿಸುತ್ತದೆ. ಅದನ್ನೇ ಕಣ್ಣುಮುಚ್ಚಿ ಬರೆದುಕೊಳ್ಳುವವರೂ ಇದ್ದಾರೆ. ಮೂರನೆಯ ಕಂಬಸಾಲಿನಲ್ಲಿ ಋಣ ಚಿಹ್ನೆ ಕಂಡರೆ ಅಲ್ಲೇ ನಿಲ್ಲಬೇಕು. (ಎಕ್ಸೆಲ್‌ನಲ್ಲಿ `=-8^2` ಎಂದು ಬರೆದರೆ 64 ಎನ್ನುತ್ತದೆ. ಯಂತ್ರಗಳಲ್ಲೂ ಒಮ್ಮತವಿಲ್ಲ.)

ಈ ಕಂಬಸಾಲಿಗೆ ನನಗೆ ತುಂಬ ಇಷ್ಟವಾದ ಪರೀಕ್ಷೆಯೊಂದಿದೆ. ವಿಚಲನೆಗಳೆಲ್ಲ ಪೂರ್ಣಾಂಕಗಳಾಗಿದ್ದರೆ ವರ್ಗಗಳ ಮೊತ್ತ ಸಮಸಂಖ್ಯೆಯೇ ಆಗಿರಬೇಕು. ಬೆಸ ಸಂಖ್ಯೆಯ ವರ್ಗ ಬೆಸ, ಸಮದ್ದು ಸಮ. ವಿಚಲನೆಗಳ ಮೊತ್ತ ಸೊನ್ನೆಯಾದ್ದರಿಂದ ಅವುಗಳಲ್ಲಿ ಬೆಸ ಸಂಖ್ಯೆಗಳು ಜೋಡಿ ಜೋಡಿಯಾಗಿಯೇ ಇರುತ್ತವೆ. ನಮ್ಮ 128 ಸಮ. 3ರ ವರ್ಗವನ್ನು 6 ಎಂದು ಬರೆದಿದ್ದರೆ 125 ಬಂದು ಸಿಕ್ಕಿಬೀಳುತ್ತಿತ್ತು. 8ರ ವರ್ಗವನ್ನು 16 ಎಂದು ಬರೆದಿದ್ದರೆ ಮಾತ್ರ ಈ ಬಲೆಯಿಂದ ನುಸುಳಿ ಹೋಗುತ್ತಿತ್ತು.

ನುಸುಳಿದ್ದನ್ನು ಹಿಡಿಯಲು ಇನ್ನೊಂದು ದಾರಿಯಿಂದ 128ಕ್ಕೆ ಬರಬೇಕು. ಎಲ್ಲ ತೂಕಗಳಿಂದಲೂ 490 ಕಳೆಯಿರಿ: 2, 8, 11, 13, 9, 17. ಮೊತ್ತ 60, ವರ್ಗಗಳ ಮೊತ್ತ 728. ಈ 728ರಿಂದ 60ರ ವರ್ಗದ ಆರನೇ ಒಂದು ಭಾಗವನ್ನು, ಅಂದರೆ 600ನ್ನು ಕಳೆದರೆ 128. ಸಂಖ್ಯೆಗಳು ಬೇರೆ, ವರ್ಗಗಳು ಬೇರೆ, ಬಂದು ಸೇರಿದ್ದು ಅಲ್ಲಿಗೇ. ಆದರೆ ಪ್ರಶ್ನೆಪತ್ರಿಕೆಯ 498ನ್ನು 489 ಎಂದು ನಕಲು ಮಾಡಿಕೊಂಡಿದ್ದರೆ ಇದೂ ಸೇರಿ ಯಾವ ಪರೀಕ್ಷೆಯೂ ಕೂಗುವುದಿಲ್ಲ. ಮೊದಲ ಕಂಬಸಾಲನ್ನು ಬೆರಳಿಟ್ಟು ಓದಿಯೇ ತಾಳೆ ನೋಡಬೇಕು.

ಈಗ 507ರ ಅಚ್ಚನ್ನು ಪಕ್ಕಕ್ಕಿಡೋಣ. ಉಳಿದ ಐದರ ಸರಾಸರಿ 498.6, ವರ್ಗಗಳ ಮೊತ್ತ 69.2. ದಶಮಾಂಶದ ಗೋಜು ಬೇಡವೆಂದು ಸರಾಸರಿಯನ್ನು 499 ಮಾಡಿಕೊಂಡರೆ ವಿಚಲನೆಗಳು −7, −1, 2, 4, 0 ಆಗುತ್ತವೆ. ಅವುಗಳ ಮೊತ್ತ ಸೊನ್ನೆಯಲ್ಲ, −2. ವರ್ಗಗಳ ಮೊತ್ತ 70, ಅಂದರೆ 0.8 ಹೆಚ್ಚು. 499ರ ಬದಲು 498 ಹಿಡಿದಿದ್ದರೆ? ಆಗ 71, ಇನ್ನೂ ಹೆಚ್ಚು. ನಿಜವಾದ ಸರಾಸರಿಯಿಂದ ಯಾವ ಕಡೆಗೆ ಸರಿದರೂ ಈ ಮೊತ್ತ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ತಮ್ಮದೇ ಸರಾಸರಿಯಿಂದ ಅಳೆದಾಗ ವರ್ಗಗಳ ಮೊತ್ತ ಅತಿ ಕಡಿಮೆ.

ಆರೋ ಐದೋ ಎಂಬ ಜಗಳದ ಬೇರು ಇಲ್ಲಿದೆ. ನಾವು ತೂಗಿದ ಆರು ಅಚ್ಚು ಆ ದಿನ ಎರೆದ ನೂರಾರು ಅಚ್ಚುಗಳ ಮಾದರಿಯಾಗಿದ್ದರೆ, ಬೇಕಾಗಿರುವುದು ಇಡೀ ರಾಶಿಯ ಏರುಪೇರು. ಆ ರಾಶಿಯ, ಅಂದರೆ ಸಮಷ್ಟಿಯ, ಸರಾಸರಿ ನಮಗೆ ಗೊತ್ತಿಲ್ಲ. ಅದು 500 ಆಗಿರಲಿಕ್ಕಿಲ್ಲ; 501.3 ಇರಬಹುದು, 498.9 ಇರಬಹುದು. ಅದರಿಂದ ಅಳೆದಿದ್ದರೆ ಮೊತ್ತ 128ಕ್ಕಿಂತ ಹೆಚ್ಚೇ ಬರುತ್ತಿತ್ತು. ನಾವು ಮಾದರಿಯದೇ ಸರಾಸರಿ ಬಳಸಿ ಅತಿ ಚಿಕ್ಕ ಮೊತ್ತ ಪಡೆದಿದ್ದೇವೆ. ಮೇಲಿನ ಸಂಖ್ಯೆ ಕುಗ್ಗಿದೆ, ಆದ್ದರಿಂದ ಕೆಳಗಿನದನ್ನೂ ಒಂದರಷ್ಟು ಕುಗ್ಗಿಸುತ್ತೇವೆ. ಈ ತಿದ್ದುಪಡಿ 19ನೇ ಶತಮಾನದ ಜರ್ಮನ್ ಖಗೋಳಶಾಸ್ತ್ರಜ್ಞ ಫ್ರೀಡ್ರಿಕ್ ಬೆಸೆಲ್ ಹೆಸರಿನಲ್ಲಿ ಬಳಕೆಯಲ್ಲಿದೆ.

ಸರಿಯಾಗಿ ಒಂದೇ ಏಕೆ, ಎರಡೇಕಲ್ಲ? ಪುಟ್ಟ ಸಮಷ್ಟಿಯಲ್ಲಿ ನೋಡಬಹುದು. 2, 4, 6 ಎಂಬ ಮೂರೇ ಸಂಖ್ಯೆಗಳಿವೆ. ಸರಾಸರಿ 4, ವರ್ಗಗಳ ಮೊತ್ತ 8, ಮೂರರಿಂದ ಭಾಗಿಸಿದರೆ 2.67. ಇದರಿಂದ ಎರಡೆರಡು ಚೀಟಿ ಎತ್ತೋಣ, ಎತ್ತಿದ್ದನ್ನು ವಾಪಸ್ ಹಾಕಿ. ಒಟ್ಟು 9 ಬಗೆಯ ಜೋಡಿಗಳು. ಪ್ರತಿ ಜೋಡಿಗೂ ಅದರದೇ ಸರಾಸರಿಯಿಂದ ವರ್ಗಗಳ ಮೊತ್ತ ತೆಗೆದರೆ ಮೂರು ಜೋಡಿಗೆ 0, ನಾಲ್ಕಕ್ಕೆ 2, ಎರಡಕ್ಕೆ 8. ಎಲ್ಲ ಕೂಡಿ 24, ಜೋಡಿಗೆ ಸರಾಸರಿ 2.67. ಇದನ್ನು 2ರಿಂದ ಭಾಗಿಸಿದರೆ 1.33, ನಿಜದ ಅರ್ಧ. 1ರಿಂದ ಭಾಗಿಸಿದರೆ 2.67, ತಕ್ಕಡಿಯ ಮುಳ್ಳು ಅತ್ತಿತ್ತ ಅಲುಗದಷ್ಟು ಸರಿ. ಈ ಸರಿ ವರ್ಗಮೂಲ ತೆಗೆಯುವ ಮುಂಚಿನ ಸಂಖ್ಯೆಗೆ, ಅಂದರೆ ವೇರಿಯನ್ಸ್‌ಗೆ ಮಾತ್ರ. ಮೂಲ ತೆಗೆದ ಮೇಲೆ ಆ 9 ಜೋಡಿಗಳ ಸರಾಸರಿ 1.26, ನಿಜವಾದ ಮಾನಕ ವಿಚಲನೆ 1.63. ತಿದ್ದುಪಡಿಯ ಮೇಲೂ ಕೊಂಚ ಕೊರತೆ ಉಳಿಯುತ್ತದೆ.

ಆರು ಅಚ್ಚುಗಳಲ್ಲಿ ಎರಡು ಉತ್ತರಗಳ ಅಂತರ ಸುಮಾರು ಶೇ 9.5, ನೂರು ಅಚ್ಚು ತೂಗಿದ್ದರೆ ಶೇ 0.5. ಹಾಗಾಗಿ ಸಂಖ್ಯೆಗಳು ಕಡಿಮೆಯಿದ್ದಾಗಲೇ ಈ ಆಯ್ಕೆ ಬಿಸಿ ತಾಗಿಸುವುದು, ಅಭ್ಯಾಸ ಹಾಳೆಗಳಲ್ಲಿ ಇರುವುದೂ ಕಡಿಮೆ ಸಂಖ್ಯೆಗಳೇ. 11ನೇ ತರಗತಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕ n ಇಂದಲೇ ಭಾಗಿಸುತ್ತದೆ. ಕೊಟ್ಟ ದತ್ತಾಂಶವೇ ಅಲ್ಲಿ ಇಡೀ ಲೋಕ. ಮಗುವಿನ ಉತ್ತರವನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುವ ಪೋಷಕರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಎಕ್ಸೆಲ್‌ನಲ್ಲಿ ಇವೆರಡೂ ಬೇರೆ ಬೇರೆ:

```
=STDEV.P(A2:A7)
=STDEV.S(A2:A7)
```

ಮೊದಲನೆಯದು ನಮ್ಮ ಬೆಲ್ಲಕ್ಕೆ 4.62 ಕೊಡುತ್ತದೆ, ಎರಡನೆಯದು 5.06. ಹಳೆಯ `STDEV` ಕೂಡ ಎರಡನೆಯ ಬಗೆಯದೇ. ಕ್ಯಾಲ್ಕ್ಯುಲೇಟರಿನಲ್ಲಿ σx ಮೊದಲನೆಯದು, sx ಎರಡನೆಯದು.

ಪ್ರಶ್ನೆ ಬರೆಯುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ‘ಆರು ಅಚ್ಚುಗಳ ತೂಕ ಹೀಗಿದೆ, ಮಾನಕ ವಿಚಲನೆ ಕಂಡುಹಿಡಿ’ ಎಂದಷ್ಟೇ ಬರೆದು ಬಿಡಬೇಡಿ. ಆ ಡಬ್ಬದಲ್ಲಿದ್ದದ್ದೇ ಆರೋ, ಆ ದಿನದ ರಾಶಿಯಿಂದ ಎತ್ತಿದ್ದು ಆರೋ ಎಂಬ ಒಂದು ವಾಕ್ಯ ಸೇರಿಸಿ. ಪ್ರಶ್ನೆಯಲ್ಲಿ ಆ ವಾಕ್ಯ ಇಲ್ಲದಿದ್ದರೆ ವಿದ್ಯಾರ್ಥಿಗಳೇ ಉತ್ತರದ ಪಕ್ಕದಲ್ಲಿ ಯಾವುದರಿಂದ ಭಾಗಿಸಿದೆವು, ಏಕೆ ಎಂದು ಒಂದು ಸಾಲು ಬರೆದಿಡಲಿ.