ಬರೆಯದೆಯೇ ಹುಟ್ಟುವ ನ್ಯಾಸ

ಸೊತ್ತು ಒಬ್ಬನ ಕೈಯಲ್ಲಿ, ಅದರ ಹಿತ ಮತ್ತೊಬ್ಬನಿಗೆ. ಇಂಥ ಏರ್ಪಾಡಿಗೆ ನ್ಯಾಸವೆಂದು, ರೂಢಿಯಲ್ಲಿ ಟ್ರಸ್ಟೆಂದು ಹೆಸರು. ಸ್ಥಿರಾಸ್ತಿಯ ನ್ಯಾಸಕ್ಕೆ ಸಾಮಾನ್ಯವಾಗಿ ಸಹಿಮಾಡಿ ನೋಂದಾಯಿಸಿದ ಪತ್ರವಾಗಲಿ ಮರಣಶಾಸನವಾಗಲಿ ಇರತಕ್ಕದ್ದು. ಆದರೆ 1882ನೆಯ ಇಸವಿಯ ಟ್ರಸ್ಟು ಕಾಯಿದೆಯ ಒಂಬತ್ತನೆಯ ಅಧ್ಯಾಯದಲ್ಲಿ ಬೇರೊಂದು ಜಾತಿಯ ಬಾಧ್ಯತೆಗಳನ್ನು ಹೇಳಿದೆ. ಇವನ್ನು ಯಾರೂ ಬರೆಯುವುದಿಲ್ಲ. ನಡೆದ ಸಂಗತಿಗಳಿಂದ ತಾವಾಗಿಯೇ ಹುಟ್ಟುವುವು. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕೊಟ್ಟವನ ಇಂಗಿತವನ್ನು ಊಹಿಸಿ ಸೊತ್ತನ್ನು ಅವನಿಗೇ ಮರಳಿಸುವುದು ಪ್ರತ್ಯಾಗತ ನ್ಯಾಸ. ಯಾರ ಇಂಗಿತವನ್ನೂ ಕೇಳದೆ, ಪಡೆದವನು ತನ್ನಲ್ಲೇ ಇಟ್ಟುಕೊಳ್ಳುವುದು ಅನ್ಯಾಯವೆಂದು ಅವನ ತಲೆಗೆ ಹೊರಿಸುವುದು ಆರೋಪಿತ ನ್ಯಾಸ.

ಮೊದಲನೆಯದು ಸುಲಭ. ಬ್ರಹ್ಮಾವರದ ಗೃಹಸ್ಥನೊಬ್ಬನು ತನ್ನ ಅಣ್ಣನ ಮಗನ ಕಾಲೇಜು ಶುಲ್ಕಕ್ಕೆಂದು ಎರಡು ಲಕ್ಷ ರೂಪಾಯಿಗಳನ್ನು ಭಾವನ ವಶಕ್ಕೆ ಕೊಟ್ಟನೆಂದು ಭಾವಿಸೋಣ. ಓದು ಮುಗಿಯಿತು, ಮೂವತ್ತು ಸಾವಿರ ಉಳಿಯಿತು. ಉಳಿದುದು ಯಾರದು? ಭಾವನದಂತೂ ಅಲ್ಲ. ಬೇರೆ ಅಪ್ಪಣೆಯಿಲ್ಲದಿದ್ದರೆ ಅದು ಕೊಟ್ಟವನಿಗೆ, ಅವನು ತೀರಿಕೊಂಡಿದ್ದರೆ ಅವನ ವಾರಸುದಾರರಿಗೆ ಸೇರತಕ್ಕದ್ದೆಂದು 83ನೆಯ ಕಲಮು ಹೇಳುತ್ತದೆ. ಆದರೆ ಕೊಟ್ಟವನ ಮಾತನ್ನು ಸೂಕ್ಷ್ಮವಾಗಿ ನೋಡಬೇಕು. ಇಂಗ್ಲೆಂಡಿನಲ್ಲಿ ಕಿವುಡು-ಮೂಕರಾಗಿದ್ದ ಇಬ್ಬರು ಸೋದರಿಯರ ಪೋಷಣೆಗೆ ಕೂಡಿಸಿದ ಚಂದಾ ಅವರ ಮರಣಾನಂತರ ಉಳಿದಾಗ, 1900ರಲ್ಲಿ ನ್ಯಾಯಾಲಯವು ಅದನ್ನು ಚಂದಾದಾರರಿಗೇ ಮರಳಿಸಿತು. ಐದು ವರ್ಷಗಳ ತರುವಾಯ, ಮೃತ ಪಾದ್ರಿಯೊಬ್ಬರ ಮಕ್ಕಳ ವಿದ್ಯೆಗೆಂದು ಕೂಡಿಸಿದ ಹಣ ಉಳಿದಾಗ ಅದು ಮಕ್ಕಳಿಗೇ ಸೇರಿತು. ಏಕೆಂದರೆ ವಿದ್ಯೆಯು ಕೊಡಲು ಪ್ರೇರಣೆ ಮಾತ್ರ, ಕೊಡುಗೆಯು ಮಕ್ಕಳಿಗೇ ಆಗಿತ್ತೆಂದು ತೀರ್ಮಾನವಾಯಿತು. ಆದುದರಿಂದ ಹಣ ಕೊಡುವಾಗ "ಉಳಿದರೆ ಹೀಗೆ" ಎಂಬ ಒಂದು ಸಾಲು ಬರೆದಿಟ್ಟರೆ ಬಂಧುಗಳಲ್ಲಿ ಮುಂದಿನ ಜಗಳವೇ ತಪ್ಪುವುದು.

ಎರಡನೆಯದು ನಮ್ಮ ಕರಾವಳಿಯ ಮನೆಗಳಿಗೆ ಹೆಚ್ಚು ಹತ್ತಿರವಾದುದು. 1974ನೆಯ ಮಾರ್ಚ್ 1ರಂದು ಗೇಣಿಭೂಮಿಗಳು ಸರಕಾರದ ವಶವಾಗಿ, ಒಕ್ಕಲುಗಳು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯಬೇಕಾಯಿತು. ಬೈಂದೂರಿನ ಕಡೆಯ ಒಂದು ಮನೆಯನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ತಂದೆ ಚಾಲಗೇಣಿಯಲ್ಲಿ ಗದ್ದೆ ಮಾಡುತ್ತಿದ್ದನು. ಅವನ ಬಳಿಕ ಮೂವರು ಮಕ್ಕಳು ಒಟ್ಟಿಗೆ ಸಾಗುವಳಿ ಮಾಡಿದರು. ಅರ್ಜಿಯನ್ನು ಹಿರಿಯನೊಬ್ಬನೇ ಕೊಟ್ಟನು, ಆದೇಶವೂ ಅವನೊಬ್ಬನ ಹೆಸರಿಗೇ ಬಂತು. ವರ್ಷಗಳು ಕಳೆದ ಮೇಲೆ "ಗದ್ದೆ ನನ್ನದು" ಎಂದನು.

ಆದೇಶದಲ್ಲಿರುವ ಹೆಸರೊಂದರಿಂದಲೇ ಅದು ಅವನದಾಗುವುದಿಲ್ಲ. ಗೇಣಿಯು ಕುಟುಂಬದ್ದಾಗಿದ್ದರೆ ಒಬ್ಬನ ಹೆಸರಿಗೆ ಬಂದ ಹಕ್ಕು ಎಲ್ಲರ ಹಿತಕ್ಕೆ ಸಲ್ಲುವುದೆಂದು ನಮ್ಮ ಉಚ್ಚ ನ್ಯಾಯಾಲಯವು ಹೇಳಿದೆ. ಅದು ಅವಿಭಕ್ತ ಕುಟುಂಬದ ನ್ಯಾಯ. ಟ್ರಸ್ಟು ಕಾಯಿದೆಯ 90ನೆಯ ಕಲಮಿನ ತತ್ತ್ವವೂ ಅದೇ ದಿಕ್ಕಿನದು. ಸಹಮಾಲಿಕನು ತನ್ನ ಆ ಸ್ಥಾನದ ಬಲದಿಂದ, ಉಳಿದವರ ಹಕ್ಕಿಗೆ ಕುಂದುಮಾಡಿ ಪಡೆದ ಲಾಭವನ್ನು ಎಲ್ಲರ ಪರವಾಗಿ ಹಿಡಿದಿರತಕ್ಕದ್ದು. ಅವನು ನ್ಯಾಯವಾಗಿ ಮಾಡಿದ ವೆಚ್ಚದಲ್ಲಿ ಇತರರೂ ತಮ್ಮ ಪಾಲನ್ನು ಕೊಡತಕ್ಕದ್ದು. ಹಿರಿಯನಿಗೆ ದುರ್ಬುದ್ಧಿ ಇತ್ತೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಈ ಕಟ್ಟುನಿಟ್ಟು 1726ರಷ್ಟು ಹಳೆಯದು. ಆಗ ಒಬ್ಬ ಇಂಗ್ಲಿಷ್ ಟ್ರಸ್ಟಿಯು, ಬಾಲಕನ ಹೆಸರಿಗೆ ಗೇಣಿಯನ್ನು ನವೀಕರಿಸಲು ಒಡೆಯನು ಒಪ್ಪದಿದ್ದುದರಿಂದ, ತನ್ನ ಹೆಸರಿಗೆ ಮಾಡಿಸಿಕೊಂಡನು. ಮೋಸವೇನೂ ಕಾಣದಿದ್ದರೂ ಲಾಭವನ್ನು ಬಾಲಕನಿಗೇ ಒಪ್ಪಿಸಬೇಕಾಯಿತು.

ಕಿರಿಯರು ತೋರಿಸಬೇಕಾದುದೇನು? ತಂದೆಯ ಹೆಸರಿನ ಗೇಣಿ ಚೀಟಿಗಳು, 1974ಕ್ಕೆ ಹಿಂದಿನ ಪಹಣಿ, ಆ ಕಾಲದಲ್ಲಿ ಒಂದೇ ಒಲೆಯಲ್ಲಿದ್ದುದರ ಪುರಾವೆ. ಹಿರಿಯನು ಬೇರೆಯಾದ ಮೇಲೆ ತಾನೊಬ್ಬನೇ ಧಣಿಯಿಂದ ಗೇಣಿಗೆ ಹಿಡಿದ ಗದ್ದೆಯಾದರೆ ಅವರ ವಾದವು ನಿಲ್ಲದು. ಇನ್ನೊಂದು ತೊಡಕು ಕ್ರಯದ್ದು. ಈ ಬಾಧ್ಯತೆಯ ಸುಳಿವಿಲ್ಲದೆ ಬೆಲೆಕೊಟ್ಟು ಪ್ರಾಮಾಣಿಕವಾಗಿ ಕೊಂಡವನನ್ನು 96ನೆಯ ಕಲಮು ರಕ್ಷಿಸುತ್ತದೆ. ಆದರೆ ತಮ್ಮಂದಿರೇ ಗದ್ದೆಯಲ್ಲಿ ಉಳುತ್ತಿದ್ದರೆ ಆ ಸ್ವಾಧೀನವೇ ಕೊಳ್ಳುವವನಿಗೆ ಸುಳಿವು. ದಾಖಲೆಯನ್ನು ಮಾತ್ರ ನೋಡಿದೆನೆಂದರೆ ಸಾಲದು.

ಕುಂದಾಪುರದಿಂದ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದು, ಊರಿನಲ್ಲಿ ತಮ್ಮನ ಹೆಸರಿಗೆ ಜಾಗ ಕೊಂಡವರು ಇದೇ ನ್ಯಾಯವನ್ನು ನಂಬಿ ಕೂರಬಾರದು. ಹಣ ಕೊಟ್ಟವನಿಗೆ ಸೊತ್ತು ಮರಳುವುದೆಂಬ 82ನೆಯ ಕಲಮು ಹಿಂದೆ ಇತ್ತು. ಬೇನಾಮಿ ನಿಷೇಧದ 1988ನೆಯ ಕಾಯಿದೆಯು 81 ಮತ್ತು 94ನೆಯ ಕಲಮುಗಳೊಡನೆ ಅದನ್ನು ತೆಗೆದುಹಾಕಿತು. ಕೊಂಚ ಬಾಗಿಲು ಮಾತ್ರ ತೆರೆದಿದೆ. ಬೆಂಗಳೂರಿನ ಒಂದು ಮನೆಯ ವ್ಯಾಜ್ಯದಲ್ಲಿ, ತಾಯಿ ಬಾಡಿಗೆಗಿದ್ದ ಮನೆಯನ್ನು ಒಡಹುಟ್ಟಿದವರೆಲ್ಲ ಹಣಹಾಕಿ ಒಬ್ಬನ ಹೆಸರಿಗೆ ಕ್ರಯಕ್ಕೆ ಪಡೆದಿದ್ದರು. ಹೆಸರಿನವನು ಉಳಿದವರ ವಿಶ್ವಾಸಕ್ಕೆ ಪಾತ್ರನಾಗಿ ಹಿಡಿದವನೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಹೇಳಿ ಅವರ ಪಾಲನ್ನು ಉಳಿಸಿತು. ಆ ವಿಶ್ವಾಸದ ಸಂಬಂಧವನ್ನು ಪ್ರತಿ ಮೊಕದ್ದಮೆಯಲ್ಲಿಯೂ ಸಂಗತಿಗಳಿಂದಲೇ ಸಿದ್ಧಪಡಿಸಬೇಕು. ಅಣ್ಣತಮ್ಮಂದಿರೆಂಬ ಮಾತೊಂದೇ ಅದಕ್ಕೆ ಸಾಲದು.