ಬೆಳಿಗ್ಗೆ ಎಂದರೆ ಎಷ್ಟು ಹೊತ್ತಿಗೆ?

ಡಾಕ್ಟರ ಚೀಟಿಯಲ್ಲಿ 1-0-1 ಎಂದು ಬರೆದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದು ಮೆಡಿಕಲ್ ಶಾಪಿನ ಹುಡುಗನಿಗೂ ಗೊತ್ತು, ಮನೆಯವರಿಗೂ ಗೊತ್ತು. ಆದರೆ ಎಪ್ಪತ್ತು ದಾಟಿದವರ ಮನೆಯಲ್ಲಿ ಬೆಳಿಗ್ಗೆ ಎನ್ನುವುದು ಒಂದೇ ಹೊತ್ತಲ್ಲ. ಎದ್ದ ಹೊತ್ತು ಒಂದು, ಕಾಫಿಯ ಹೊತ್ತು ಇನ್ನೊಂದು, ತಿಂಡಿಗೆ ಕೂತ ಹೊತ್ತು ಬೇರೆ, ತಿಂಡಿ ಮುಗಿದ ಮೇಲಿನದು ಮತ್ತೂ ಬೇರೆ. ಮಾತ್ರೆಗಳ ಎಡವಟ್ಟು ಹೆಚ್ಚಾಗಿ ಆಗುವುದು ಈ ಎರಡೂವರೆ ಗಂಟೆಯೊಳಗೇ.

ದಾವಣಗೆರೆ ಕಡೆಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಅಮ್ಮನಿಗೆ 72. ಥೈರಾಯ್ಡ್, ಶುಗರ್, ಬಿಪಿ ಮೂರೂ ಇವೆ. ಜೊತೆಗೆ ಮೂಳೆಗೆ ಕ್ಯಾಲ್ಸಿಯಂ, ಕೊಲೆಸ್ಟರಾಲಿಗೆ ಒಂದು ಮಾತ್ರೆ. ಒಂದು ದಿನವೂ ಮಾತ್ರೆ ತಪ್ಪಿಸುವವರಲ್ಲ. ಆದರೂ ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿಯಲೇ ಇಲ್ಲ. ಮಾತ್ರೆಯ ಪ್ರಮಾಣ ಏರಿಸಬೇಕಾಗುತ್ತದೇನೋ ಎಂದರು ಡಾಕ್ಟರು. ಬೆಂಗಳೂರಿನಿಂದ ಬಂದಿದ್ದ ಮಗಳು ಮರುದಿನ ಬೆಳಿಗ್ಗೆ ಏನನ್ನೂ ಹೇಳದೆ ಅಡುಗೆಮನೆಯ ಬಾಗಿಲಲ್ಲಿ ಕೂತು ನೋಡಿದಳು.

ಅಮ್ಮ ಥೈರಾಯ್ಡ್ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, ಬಿಸಿ ಫಿಲ್ಟರ್ ಕಾಫಿಯ ಒಂದು ಗುಟುಕಿನಲ್ಲಿ ನುಂಗಿದರು. ಎಂಟು ಗಂಟೆಗೆ ತಿಂಡಿ ಆದ ಮೇಲೆ ಉಳಿದ ಮಾತ್ರೆಗಳನ್ನೆಲ್ಲ ಅಂಗೈಗೆ ಸುರಿದುಕೊಂಡು ಒಂದೇ ಲೋಟ ನೀರಿನಲ್ಲಿ ಮುಗಿಸಿದರು. ಅದರಲ್ಲಿ ಕ್ಯಾಲ್ಸಿಯಂ ಕೂಡ ಇತ್ತು. “ಬೆಳಿಗ್ಗೆ ಅಂತ ಬರೆದಿದಾರಲ್ಲಮ್ಮ, ಬೆಳಿಗ್ಗೇನೇ ತಗೊಂಡಿದೀನಿ” ಎಂದರು. ಅವರು ಹೇಳಿದ್ದು ಸುಳ್ಳೇನಲ್ಲ.

ಥೈರಾಯ್ಡ್ ಮಾತ್ರೆ, ಅಂದರೆ ಲೆವೊಥೈರಾಕ್ಸಿನ್, ಬಹಳ ನಾಜೂಕು. ಅದು ಸರಿಯಾಗಿ ಮೈಗೆ ಸೇರಬೇಕಾದರೆ ಹೊಟ್ಟೆ ಖಾಲಿ ಇರಬೇಕು, ಬರೀ ನೀರಿನಲ್ಲಿ ನುಂಗಬೇಕು, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಕಾಫಿ ಜೊತೆಗಿದ್ದರೆ ಮಾತ್ರೆಯ ಒಂದಷ್ಟು ಭಾಗ ಕರುಳಿನಿಂದ ರಕ್ತಕ್ಕೆ ಇಳಿಯುವುದೇ ಇಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳು ಇನ್ನೂ ಒಂದು ಹೆಜ್ಜೆ ಮುಂದೆ: ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ಹಿಡಿದಿಟ್ಟುಬಿಡುತ್ತವೆ. ಅದಕ್ಕೇ ಇವೆರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ ಇರಬೇಕು ಎನ್ನುವುದು. ಅಮ್ಮನ ಮನೆಯಲ್ಲಿ ಆ ಅಂತರ ಎರಡು ಗಂಟೆಯೂ ಇರಲಿಲ್ಲ. ಪ್ರಮಾಣ ಏರಿಸುವ ಮೊದಲು ಹೊತ್ತು ಸರಿಮಾಡಿ ನೋಡೋಣ ಎಂದು ಡಾಕ್ಟರೂ ಒಪ್ಪಿದರು.

ಮಗಳು ಬರೆದ ಪಟ್ಟಿಯ ಗುಟ್ಟು ಇರುವುದು ಅದರ ಮೊದಲ ಸಾಲಿನಲ್ಲಿ. ಸಾಮಾನ್ಯವಾಗಿ ಎಲ್ಲರೂ ಮಾತ್ರೆಯ ಹೆಸರಿನಿಂದ ಪಟ್ಟಿ ಶುರುಮಾಡುತ್ತಾರೆ. ಅವಳು ಅಮ್ಮನ ದಿನದಿಂದ ಶುರುಮಾಡಿದಳು: ಏಳುವುದು ಎಷ್ಟಕ್ಕೆ, ಕಾಫಿ ಎಷ್ಟಕ್ಕೆ, ತಿಂಡಿ, ಊಟ, ಮಲಗುವುದು ಎಷ್ಟಕ್ಕೆ. ಆ ಗೂಟಗಳಿಗೆ ಒಂದೊಂದಾಗಿ ಮಾತ್ರೆ ನೇತುಹಾಕಿ ಡಾಕ್ಟರಿಗೆ ತೋರಿಸಿದಳು.

| ಹೊತ್ತು | ಮಾತ್ರೆ | ಎಷ್ಟು | ಹೇಗೆ |
|---|---|---|---|
| 5.30, ಎದ್ದ ಕೂಡಲೇ | ಲೆವೊಥೈರಾಕ್ಸಿನ್ 50 ಮೈಕ್ರೊಗ್ರಾಂ (ಥೈರಾಯ್ಡ್) | 1 | ಬರೀ ನೀರು. ಕಾಫಿ 6.30ಕ್ಕೆ |
| 8.00, ತಿಂಡಿಗೆ ಕೂತಾಗ | ಗ್ಲಿಮೆಪಿರೈಡ್ 1 ಮಿ.ಗ್ರಾಂ (ಶುಗರ್) | 1 | ತಟ್ಟೆ ಮುಂದೆ ಬಂದ ಮೇಲೆ |
| 8.30, ತಿಂಡಿ ಆದ ಮೇಲೆ | ಮೆಟ್‌ಫಾರ್ಮಿನ್ 500 ಮಿ.ಗ್ರಾಂ (ಶುಗರ್) | 1 | ಹೊಟ್ಟೆ ತುಂಬಿರಬೇಕು |
| 8.30 | ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ (ಬಿಪಿ) | 1 | ದಿನಾ ಇದೇ ಹೊತ್ತಿಗೆ |
| 1.30, ಊಟ ಆದ ಮೇಲೆ | ಕ್ಯಾಲ್ಸಿಯಂ 500 ಮಿ.ಗ್ರಾಂ | 1 | ಊಟದ ಜೊತೆಗೇ ಸರಿ |
| 8.30, ರಾತ್ರಿ ಊಟ ಆದ ಮೇಲೆ | ಮೆಟ್‌ಫಾರ್ಮಿನ್ 500 ಮಿ.ಗ್ರಾಂ (ಶುಗರ್) | 1 | ಹೊಟ್ಟೆ ತುಂಬಿರಬೇಕು |
| 9.30, ಮಲಗುವಾಗ | ಅಟೊರ್ವಾಸ್ಟಾಟಿನ್ 10 ಮಿ.ಗ್ರಾಂ (ಕೊಲೆಸ್ಟರಾಲ್) | 1 | ನೀರಿನಲ್ಲಿ |

ಇದು ಈ ಅಮ್ಮನ ಪಟ್ಟಿ. ಇನ್ನೊಬ್ಬರ ಮನೆಗೆ ಹೊಂದುವುದಿಲ್ಲ, ನಕಲು ಮಾಡುವಂತೆಯೂ ಇಲ್ಲ.

ಮಾತ್ರೆಯ ಕಂಪನಿ ಹೆಸರಿನ ಬದಲು ಒಳಗಿರುವ ಔಷಧದ ಹೆಸರು ಬರೆದದ್ದಕ್ಕೆ ಕಾರಣ ಉಂಟು. ಅಂಗಡಿಯಲ್ಲಿ ಒಂದು ಕಂಪನಿಯದು ಮುಗಿದಿದ್ದರೆ ಇನ್ನೊಂದರದ್ದು ಕೊಡುತ್ತಾರೆ. ಜನೌಷಧಿ ಕೇಂದ್ರದಲ್ಲಿ ತೆಗೆದುಕೊಂಡರೆ ಕಾಗದದ ಬಣ್ಣ, ಮಾತ್ರೆಯ ಬಣ್ಣ ಎರಡೂ ಬದಲಾಗುತ್ತವೆ. ಹಳೆಯ ಪಟ್ಟಿಯಲ್ಲಿ “ಗುಲಾಬಿ ಬಣ್ಣದ್ದು” ಎಂದಿದ್ದರೆ, ಹಳೆಯ ಗುಲಾಬಿಯೂ ಹೊಸ ಬಿಳಿಯೂ ಒಟ್ಟಿಗೆ ಹೊಟ್ಟೆ ಸೇರುತ್ತವೆ, ಒಂದೇ ಔಷಧ ಎರಡು ಪಟ್ಟಾಗುತ್ತದೆ. ಮೂಳೆ ಡಾಕ್ಟರು ಒಂದು ಚೀಟಿ, ಶುಗರ್ ಡಾಕ್ಟರು ಒಂದು ಚೀಟಿ ಕೊಟ್ಟಾಗಲೂ ಇದೇ ಅಪಾಯ. ಆದ್ದರಿಂದ ಬಲಮೂಲೆಯಲ್ಲಿ ಕೊನೆಯ ಬಾರಿ ಬದಲಾದ ತಾರೀಖು ಹಾಕಿ, ಹಳೆಯ ಹಾಳೆಯನ್ನು ಹರಿದುಹಾಕಿದಳು.

ಪಕ್ಕದಲ್ಲೇ ಗೋಡೆ ಕ್ಯಾಲೆಂಡರು. ಮಾತ್ರೆ ನುಂಗಿದ ಮೇಲೆ ಆ ದಿನದ ಮನೆಯಲ್ಲಿ ಪೆನ್ಸಿಲಿನ ಗೀಟು. “ತಗೊಂಡೆನೋ ಇಲ್ಲವೋ” ಎನ್ನುವ ಅನುಮಾನ ಬಂದಾಗ ಇನ್ನೊಂದು ನುಂಗುವುದಕ್ಕಿಂತ ಗೀಟು ನೋಡುವುದು ಸುಲಭ. ಮರೆತದ್ದನ್ನು ಮುಂದಿನ ಹೊತ್ತಿನದರ ಜೊತೆ ಸೇರಿಸಿ ಎರಡೆರಡು ನುಂಗಬಾರದು ಎಂದು ಹಾಳೆಯ ಅಡಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು.

ತಿಂಗಳು ಕಳೆದು ಮಗಳು ಮತ್ತೆ ಬಂದಾಗ ಮಾಡಿದ ಮೊದಲ ಕೆಲಸ ಉಳಿದ ಮಾತ್ರೆಗಳನ್ನು ಎಣಿಸಿದ್ದು. ಮೂವತ್ತು ದಿನಕ್ಕೆಂದು ತಂದ ಮೆಟ್‌ಫಾರ್ಮಿನ್ 60. ಉಳಿಯಬಾರದಿತ್ತು, ಆದರೆ ಎಂಟು ಉಳಿದಿದ್ದವು. ಗ್ಲಿಮೆಪಿರೈಡ್ 30ರಲ್ಲಿ ಒಂದೂ ಉಳಿದಿರಲಿಲ್ಲ. ಕ್ಯಾಲೆಂಡರು ನೋಡಿದಾಗ ಗೀಟು ಕಡಿಮೆ ಇದ್ದದ್ದು ನಾಲ್ಕು ಶನಿವಾರ. ಶನಿವಾರ ಅಮ್ಮನಿಗೆ ಒಪ್ಪೊತ್ತು: ಬೆಳಿಗ್ಗೆ ತಿಂಡಿ ಇಲ್ಲ, ಮಧ್ಯಾಹ್ನ ಒಂದೇ ಊಟ, ರಾತ್ರಿ ಹಣ್ಣು. ಹೊಟ್ಟೆ ತುಂಬಿರಬೇಕು ಎಂದು ಬರೆದದ್ದನ್ನು ಅವರು ಚಾಚೂ ತಪ್ಪದೆ ಪಾಲಿಸಿ ಮೆಟ್‌ಫಾರ್ಮಿನ್ ಬಿಟ್ಟಿದ್ದರು. ಎಂಟು ಗಂಟೆ ಎಂದು ಬರೆದಿದ್ದ ಗ್ಲಿಮೆಪಿರೈಡನ್ನು ಮಾತ್ರ ತಟ್ಟೆಯಿಲ್ಲದಿದ್ದರೂ ನುಂಗಿದ್ದರು.

ಭಯಪಡಬೇಕಾದದ್ದು ಇದಕ್ಕೇ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡರೆ ಶುಗರ್ ತೀರಾ ಕೆಳಗೆ ಬೀಳುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಊಟ ಮಾಡಿದರೂ ಬಿಟ್ಟರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಮಗಳು ಕೆದಕಿ ಕೇಳಿದಾಗಲೇ ಅಮ್ಮ ಬಾಯಿಬಿಟ್ಟದ್ದು: ಶನಿವಾರ ಹನ್ನೊಂದರ ಹೊತ್ತಿಗೆ ಕೈ ನಡುಗುತ್ತದೆ, ಹಣೆ ಬೆವರುತ್ತದೆ, ಒಮ್ಮೆ ಒಲೆ ಹಚ್ಚಿದ್ದೇ ಮರೆತುಹೋಗಿತ್ತು. ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದರಂತೆ. ಇದು ಶುಗರ್ ಕುಸಿದಾಗ ಕಾಣುವ ಲಕ್ಷಣ. ವಯಸ್ಸಾದವರಲ್ಲಿ ನಡುಕಕ್ಕಿಂತ ಮಂಕು, ಗೊಂದಲವೇ ಮೊದಲು ಕಾಣಿಸಿಕೊಳ್ಳುವುದೂ ಉಂಟು. ಗ್ಲುಕೊಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸಿದರೆ, ಎಚ್ಚರವಿದ್ದು ನುಂಗಲು ಆಗುವವರಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಒಪ್ಪೊತ್ತು ಬಿಡಿಸುವ ಮಾತನ್ನು ಮಗಳೂ ಎತ್ತಲಿಲ್ಲ, ಡಾಕ್ಟರೂ ಎತ್ತಲಿಲ್ಲ. ನಲವತ್ತು ವರ್ಷದ ವ್ರತ ಅದು. ಡಾಕ್ಟರು ಪಟ್ಟಿಯನ್ನು ಮುಂದಿಟ್ಟುಕೊಂಡು ಅದರ ಕೆಳಗೆ ತಮ್ಮ ಕೈಯಾರೆ ಬರೆದರು: ಶನಿವಾರ ಬೆಳಿಗ್ಗೆ ಗ್ಲಿಮೆಪಿರೈಡ್ ಬೇಡ, ಮಧ್ಯಾಹ್ನ ತಟ್ಟೆ ಬಂದ ಮೇಲೆ ತೆಗೆದುಕೊಳ್ಳಿ, ಊಟ ಆದ ಮೇಲೆ ಮೆಟ್‌ಫಾರ್ಮಿನ್ ಒಂದು, ರಾತ್ರಿಯದು ಬೇಡ. ಮಗಳು ಆ ಸಾಲನ್ನು ಬೇರೆ ಬಣ್ಣದ ಹಾಳೆಯಲ್ಲಿ ದೊಡ್ಡದಾಗಿ ಬರೆದು, ಅಮ್ಮ ಶನಿವಾರ ಬೆಳಿಗ್ಗೆ ದೀಪ ಹಚ್ಚುವ ದೇವರ ಗೂಡಿನ ಪಕ್ಕ ಅಂಟಿಸಿ ಬಂದಳು.